ಪಾವಗಡದ ಸೋಲಾರ್ ಹಲಗೆ: ಕೀಳುವ ಖರ್ಚು ಯಾರ ಲೆಕ್ಕಕ್ಕೆ?

ಪಾವಗಡ ತಾಲ್ಲೂಕಿನ ತಿರುಮಣಿ ಕಡೆ ಬಸ್ಸಿನಲ್ಲಿ ಹೋದವರಿಗೆಲ್ಲ ಗೊತ್ತು, ಕಣ್ಣು ಹಾಯಿಸಿದಷ್ಟು ದೂರವೂ ಸೋಲಾರ್ ಹಲಗೆಗಳೇ. 2018ರಲ್ಲಿ ವಿದ್ಯುತ್ ಕೊಡಲು ಶುರುಮಾಡಿದ ಈ ಪಾರ್ಕು ಸುಮಾರು 13,000 ಎಕರೆಯಲ್ಲಿ ಹರಡಿದೆ. ಜಮೀನು ರೈತರದು. ಸರ್ಕಾರಿ ನಿಗಮ ಅದನ್ನು 28 ವರ್ಷದ ಗುತ್ತಿಗೆಗೆ ಪಡೆದು ವಿದ್ಯುತ್ ಕಂಪನಿಗಳಿಗೆ ಬಿಟ್ಟುಕೊಟ್ಟಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣದ ಮಾತು ಊರೂರಲ್ಲೂ ಇದೆ. ಆದರೆ ಅವಧಿ ಮುಗಿದ ದಿನ ಕಂಬ, ತಂತಿ, ಕಾಂಕ್ರೀಟು ಕಿತ್ತು ನೆಲವನ್ನು ಮಟ್ಟ ಮಾಡುವ ಖರ್ಚು ಯಾರದು, ಅದು ಈಗ ಎಲ್ಲಿದೆ?

ಬಾಡಿಗೆ ಅಂಗಡಿ ಹಿಡಿದವರಿಗೆ ಇದು ಹೊಸದಲ್ಲ. ಖಾಲಿ ಮಾಡುವಾಗ ಅಟ್ಟ ಕಿತ್ತು, ಗೋಡೆಯ ತೂತು ಮುಚ್ಚಿ ಕೊಡಬೇಕು ಅಂತ ಕರಾರಿದ್ದರೆ, ಅಟ್ಟ ಹಾಕಿದ ದಿನವೇ ಕೀಳುವ ಖರ್ಚೂ ತಲೆಮೇಲೆ ಬಂದಹಾಗೆ. ದೊಡ್ಡ ಕಂಪನಿಗಳ ಲೆಕ್ಕದ ನಿಯಮಗಳಾದ ಇಂಡ್ ಎಎಸ್ 16 ಮತ್ತು 37 ಹೇಳುವುದೂ ಇದನ್ನೇ. ಕಿತ್ತು ಕೊಡುವ ಹೊಣೆ ಇದ್ದರೆ ಆ ಖರ್ಚನ್ನು ಅಂದಾಜು ಮಾಡಿ, ಅದರ ಇವತ್ತಿನ ಬೆಲೆಯನ್ನು ಸ್ಥಾವರದ ಬೆಲೆಗೆ ಕೂಡಿಸಬೇಕು. ಅಷ್ಟೇ ಮೊತ್ತವನ್ನು ಹೊಣೆಯ ಕಡೆ ಬರೆಯಬೇಕು.

ಉದಾಹರಣೆಗೆ ಒಂದು ಊಹೆಯ ಕಂಪನಿ ಇರಲಿ. ಕೀಳುವ ಕೆಲಸಕ್ಕೆ ಇವತ್ತಿನ ದರದಲ್ಲಿ 3 ಕೋಟಿ ಬೇಕು. ಕೂಲಿ, ಸಾಗಾಣಿಕೆ ವರ್ಷಕ್ಕೆ ಶೇ. 5ರಂತೆ ಏರಿದರೆ 25 ವರ್ಷಕ್ಕೆ ಅದು ಸುಮಾರು 10 ಕೋಟಿ. ಬಡ್ಡಿ ಶೇ. 8 ಎಂದರೆ, ಆ ದಿನ 10 ಕೋಟಿ ಆಗಲು ಇವತ್ತು ಇಡಬೇಕಾದದ್ದು 1 ಕೋಟಿ 46 ಲಕ್ಷ. ಸ್ಥಾವರದ ಬೆಲೆಗೆ ಸೇರುವುದು ಇದು. ಪ್ರತಿ ವರ್ಷ 5 ಲಕ್ಷ 84 ಸಾವಿರದಂತೆ ಸವಕಳಿಯಾಗಿ ಇದು ಕರಗುತ್ತದೆ.

ಹೊಣೆಯ ಕಡೆ ಮಾತ್ರ ಲೆಕ್ಕ ಉಲ್ಟಾ, ಅದು ಬೆಳೆಯುತ್ತದೆ. ಮೊದಲ ವರ್ಷ ಶೇ. 8ರಂತೆ 11 ಲಕ್ಷ 68 ಸಾವಿರ ಬಡ್ಡಿ ಸೇರುತ್ತದೆ. ಯಾರಿಗೂ ಕೊಡದ ಬಡ್ಡಿಯಾದರೂ ಲಾಭ-ನಷ್ಟದ ಖಾತೆಯಲ್ಲಿ ಹಣಕಾಸಿನ ಖರ್ಚು ಅಂತಲೇ ಬೀಳುತ್ತದೆ. ಸ್ಥಾವರದ ಬೆಲೆಗೆ ಮತ್ತೆ ಸೇರಿಸುವಂತಿಲ್ಲ. ಮರುವರ್ಷ ಬಡ್ಡಿಯ ಮೇಲೂ ಬಡ್ಡಿ. 25ನೇ ವರ್ಷ ಅದೊಂದೇ 74 ಲಕ್ಷ. ಅಂತೂ ಹಲಗೆ ಹಳತಾಗಿ ಕರೆಂಟು ಕಡಿಮೆಯಾಗುವ ಕಾಲಕ್ಕೇ ಖರ್ಚು ದೊಡ್ಡದಾಗುತ್ತದೆ.

ಕೈಚಳಕಕ್ಕೆ ಜಾಗ ಇರುವುದು ಆರಂಭದ ಲೆಕ್ಕದಲ್ಲಿ. ಬೆಲೆ ಏರಿಕೆಯನ್ನು ಬಿಟ್ಟು ಇವತ್ತಿನ 3 ಕೋಟಿಯನ್ನೇ ಶೇ. 8ರಲ್ಲಿ ಇಳಿಸಿದರೆ ಹೊಣೆ 44 ಲಕ್ಷಕ್ಕೂ ಕಡಿಮೆ ಕಾಣುತ್ತದೆ. ಸರಿಯಾದ ಮೊತ್ತದ ಮೂರನೇ ಒಂದು ಪಾಲೂ ಆಗಲಿಲ್ಲ. ಬಡ್ಡಿ ದರದಲ್ಲಿ ಏರಿಕೆ ಸೇರಿದ್ದರೆ ಖರ್ಚಿನಲ್ಲೂ ಸೇರಿರಬೇಕು. 10 ಕೋಟಿಯನ್ನೇ ಶೇ. 10ರಲ್ಲಿ ಇಳಿಸಿದರೂ 92 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಹಳೇ ಅಲ್ಯೂಮಿನಿಯಂ ಗುಜರಿಗೆ ಮಾರಿದರೆ ಖರ್ಚು ಹುಟ್ಟುತ್ತೆ ಬಿಡಿ ಎನ್ನುವವರೂ ಇದ್ದಾರೆ. ಆ ಆದಾಯವನ್ನು ಹೊಣೆಯಲ್ಲಿ ಕಳೆಯಲು ನಿಯಮ ಒಪ್ಪುವುದಿಲ್ಲ.

ಮಧ್ಯದಲ್ಲಿ ಅಂದಾಜು ಬದಲಾಗುವುದೂ ಉಂಟು. 10 ವರ್ಷ ಕಳೆದ ಮೇಲೆ 10 ಕೋಟಿ ಸಾಲದು, 12 ಬೇಕು ಅಂತ ಗೊತ್ತಾದರೆ, ಹೆಚ್ಚುವರಿ 2 ಕೋಟಿಯ ಆ ದಿನದ ಬೆಲೆ ಸುಮಾರು 63 ಲಕ್ಷ. ಅದನ್ನು ಹೊಣೆಗೂ ಸ್ಥಾವರಕ್ಕೂ ಕೂಡಿಸಿ, ಉಳಿದ 15 ವರ್ಷದಲ್ಲಿ ಸವಕಳಿ ಮಾಡಬೇಕು. ವರ್ಷಾನುವರ್ಷ ಬರೀ ಬಡ್ಡಿ ಸೇರುತ್ತಿದ್ದು, ಅಂದಾಜು ಒಮ್ಮೆಯೂ ಅಲುಗದಿದ್ದರೆ ಅದನ್ನು ಯಾರೂ ಮತ್ತೆ ನೋಡಿಲ್ಲ ಎಂದೇ ಅನುಮಾನ.

ಇಷ್ಟೆಲ್ಲ ಸರಿಯಾಗಿ ಬರೆದರೂ ರೈತನ ಪಾಲಿಗೆ ಒಂದು ಮಾತು ಬಾಕಿ. ಹೊಣೆ ಬರೆದಿಟ್ಟರೆ ದುಡ್ಡು ತೆಗೆದಿಟ್ಟಹಾಗಲ್ಲ. 10 ಕೋಟಿ ಪುಸ್ತಕದಲ್ಲಿ ಇರಬಹುದು, ಪೆಟ್ಟಿಗೆಯಲ್ಲಿ ಒಂದು ಕಾಸೂ ಇಲ್ಲದಿರಬಹುದು. ಕೈಗಾದಂಥ ಅಣುಸ್ಥಾವರಗಳ ವಿಷಯ ಬೇರೆ. ಅಲ್ಲಿ ಮುಂದೆ ಸ್ಥಾವರ ಕಳಚುವ ಖರ್ಚಿಗೆಂದೇ ಯೂನಿಟ್ಟಿಗೆ 2 ಪೈಸೆ ದರದಲ್ಲೇ ವಸೂಲಾಗಿ ನಿಧಿಗೆ ಹೋಗುತ್ತದೆ. ಆ 2 ಪೈಸೆ ಸಾಲುತ್ತದೋ ಇಲ್ಲವೋ ಬೇರೆ ಚರ್ಚೆ, ಹಣವಂತೂ ಇದೆ.

ಬೇರೆ ಕಡೆ ಕಂಪನಿಯೇ ಬಾಗಿಲು ಹಾಕಿದರೆ, ಒತ್ತೆ ಹಿಡಿದ ಬ್ಯಾಂಕು ಸಾಲಿನಲ್ಲಿ ಮುಂದೆ, ಭದ್ರತೆ ಇಲ್ಲದ ಜಮೀನಿನ ಒಡೆಯ ಹಿಂದೆ. ಆದ್ದರಿಂದ ಗುತ್ತಿಗೆ ಪತ್ರ ತೆಗೆದು ನೋಡುವವರು ಎಕರೆ ದರದ ಸಾಲಿಗೇ ನಿಲ್ಲದೆ, ಕಿತ್ತು ಕೊಡುವ ಕರಾರು ಇದೆಯೇ, ಅದಕ್ಕೆ ಪ್ರತ್ಯೇಕ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಇದೆಯೇ ಎಂಬ ಸಾಲನ್ನೂ ಹುಡುಕಬೇಕಾಗುತ್ತದೆ.