ಚಿಹ್ನೆ ಬೇಡವೆನ್ನುವ ಮುನ್ನ

ಫ್ರೆಂಚ್ ಕವಿ ಅಪೊಲಿನೇರ್ 1913ರಲ್ಲಿ ಪ್ರಕಟವಾದ ತನ್ನ 'ಆಲ್ಕೊಲ್' ಸಂಕಲನದ ಕರಡಚ್ಚು ತಿದ್ದುವಾಗ ಇದ್ದಬದ್ದ ವಿರಾಮಚಿಹ್ನೆಗಳನ್ನೆಲ್ಲ ತೆಗೆದುಹಾಕಿದ. ಪದ್ಯದ ಲಯ ಮತ್ತು ಸಾಲು ಮುರಿಯುವ ಜಾಗ, ಇವೇ ನಿಜವಾದ ವಿರಾಮಗಳು ಎಂಬುದು ಅವನ ವಾದ. ಈ ವಾದ ಕನ್ನಡದ ಮುಕ್ತಛಂದಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. 'ಬಂದಳು' ಎಂದೊಡನೆ ಮಾತು ಮುಗಿದದ್ದು ಕಿವಿಗೇ ತಿಳಿಯುತ್ತದೆ. 'ಬಂದಳೆ' ಎಂದರೆ ಪ್ರಶ್ನೆ. ಸಾಲಿನ ಕೊನೆಯಲ್ಲಿ ಇಂಥ ಪದ ಬಂದಾಗ ಪೂರ್ಣವಿರಾಮಕ್ಕಾಗಲಿ ಪ್ರಶ್ನಾರ್ಥಕ ಚಿಹ್ನೆಗಾಗಲಿ ಹೆಚ್ಚು ಕೆಲಸ ಉಳಿಯುವುದಿಲ್ಲ.

ಆದರೆ ಎಲ್ಲ ಕ್ರಿಯಾರೂಪಗಳೂ ಹೀಗೆ ನೆರವಾಗುವುದಿಲ್ಲ. ಉದಾಹರಣೆಗೆಂದು ಕಟ್ಟಿದ ಈ ಸಾಲುಗಳನ್ನು ನೋಡಿ:

ಅಂಗಳಕ್ಕೆ ಬಂದ
ಮುದುಕ ನೀರು ಕೇಳಿದ

'ಬಂದ' ಎಂಬಲ್ಲಿ ಸಾಲು ಮುರಿದಿರುವುದರಿಂದ ಯಾರೋ ಬಂದನೆಂದು ಓದುತ್ತೇವೆ. ಮುಂದಿನ ಸಾಲಿಗೆ ಬಂದಾಗ ಅದು 'ಬಂದಂಥ ಮುದುಕ' ಎಂದೂ ಆಗಬಹುದು ಅನ್ನಿಸುತ್ತದೆ. ಪೂರ್ಣವಿರಾಮ ಹಾಕಿದರೆ ಬಂದವನೊಬ್ಬ, ನೀರು ಕೇಳಿದ ಮುದುಕ ಇನ್ನೊಬ್ಬ ಎಂಬ ಸಾಧ್ಯತೆ ತೆರೆಯುತ್ತದೆ. ಬಂದವನೂ ಕೇಳಿದವನೂ ಒಬ್ಬನೇ ಎಂಬುದು ಸ್ಪಷ್ಟವಾಗಬೇಕಿದ್ದರೆ ಚಿಹ್ನೆಯೇ ಬೇಕಿಲ್ಲ. 'ಮುದುಕ' ಎಂಬ ಪದವನ್ನು ಮೇಲಿನ ಸಾಲಿಗೆ ಏರಿಸಿದರೆ ಸಾಕು. ಆ ಕ್ಷಣದ ಅನುಮಾನವೇ ಪದ್ಯಕ್ಕೆ ಬೇಕಿದ್ದರೆ ಸಾಲುಗಳನ್ನು ಇದ್ದ ಹಾಗೆಯೇ ಬಿಡಬೇಕು. ಹಾಗಾಗಿ ಚಿಹ್ನೆಗೆ ಕೈಹಾಕುವ ಮೊದಲು ಸಾಲು ಎಲ್ಲಿ ಮುರಿದಿದೆ ಎಂದು ನೋಡಬೇಕು.

ಸಾಲು ಮುರಿದರೂ ಬಗೆಹರಿಯದ ತೊಡಕುಗಳಿವೆ. 'ಅಮ್ಮ ನಾಳೆ ಬರುತ್ತಾಳೆ ಎಂದಳು' ಎಂಬ ಮಾತನ್ನೇ ನೋಡಿ. ಹೇಳಿದವಳು ಅಮ್ಮನೋ, ಬರುವವಳು ಅಮ್ಮನೋ? 'ಎಂದಳು' ಎಂಬುದು ಆಡಿದ ಮಾತು ಎಲ್ಲಿ ಮುಗಿಯಿತೆಂದು ತೋರಿಸುತ್ತದೆ, ಎಲ್ಲಿ ಶುರುವಾಯಿತೆಂದು ತೋರಿಸುವುದಿಲ್ಲ. 'ಅಮ್ಮ' ಎಂಬುದನ್ನು ಒಂದೇ ಸಾಲಾಗಿ ನಿಲ್ಲಿಸಿದರೂ ಅನುಮಾನ ಪೂರ್ತಿ ಹೋಗದು. ಇಲ್ಲಿ ಉದ್ಧರಣ ಚಿಹ್ನೆ ಬೇಕು, ಇಲ್ಲವೇ 'ನಾಳೆ ಬರುತ್ತಾಳೆ ಎಂದಳು ಅಮ್ಮ' ಎಂದು ವಾಕ್ಯವನ್ನೇ ತಿರುಗಿಸಬೇಕು.

ಚಿಹ್ನೆಗಳನ್ನು ಪೂರ್ತಿ ಬಿಡಬೇಕೆ ಎಂಬ ಪ್ರಶ್ನೆ ಇತ್ಯರ್ಥವಾಗುವುದು ಇಂಥ ಜಾಗಗಳಲ್ಲಿ. ಒಂದು ಪದ್ಯದಲ್ಲಿ ಎರಡೇ ಅಲ್ಪವಿರಾಮಗಳಿದ್ದರೆ ಓದುಗ ಉಳಿದೆಡೆಯ ಖಾಲಿಯನ್ನೂ ಅನುಮಾನದಿಂದ ನೋಡುತ್ತಾನೆ: ಇಲ್ಲಿ ಬೇಕೆಂದೇ ಬಿಟ್ಟದ್ದೋ, ಮರೆತದ್ದೋ? ಒಂದೂ ಇಲ್ಲದಿದ್ದರೆ ಅವನು ಬೇಗನೆ ಸಾಲನ್ನೇ ನಂಬಲು ಕಲಿಯುತ್ತಾನೆ. ಅಲ್ಲಲ್ಲಿ ಉದುರಿಸಿದ ಚಿಹ್ನೆಗಳಿಗಿಂತ ಎಲ್ಲವನ್ನೂ ಬಿಡುವುದು ಅಥವಾ ಒಂದು ಕ್ರಮದಲ್ಲಿ ಇಡುವುದು ಮೇಲು ಎನ್ನುವುದು ಇದಕ್ಕೇ.

ಪರೀಕ್ಷೆ ಸುಲಭ. ಚಿಹ್ನೆಗಳನ್ನೆಲ್ಲ ತೆಗೆದು, ಪದ್ಯವನ್ನು ಮೊದಲು ಕಾಣದವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ನಿಮಗೆ ಬೇಡದ ಕಡೆ ಎಡವಿದರೆ ಸಾಲನ್ನೋ ಪದಗಳ ಕ್ರಮವನ್ನೋ ಬದಲಿಸಿ ನೋಡಿ. ಎಲ್ಲ ಎಡವುಗಳೂ ಹೀಗೆ ಹೋದರೆ ಆ ಪದ್ಯಕ್ಕೆ ಚಿಹ್ನೆ ಬೇಡ. ಲಯ ಕೆಡಿಸದೆ ತಿದ್ದಲಾಗದ ಒಂದು ಸಾಲು ಉಳಿದರೂ ಚಿಹ್ನೆಗಳನ್ನು ಪದ್ಯದುದ್ದಕ್ಕೂ ಒಂದೇ ಕ್ರಮದಲ್ಲಿ ಮರಳಿ ತನ್ನಿ.