ಜೂಲ್‌ನ ಅರ್ಧ ಗಂಟೆ ಸುಮ್ಮನೆ ಕೂತ ನೀರು



ನಮ್ಮ ಪಿಯುಸಿ, ಡಿಗ್ರಿ ಪಠ್ಯಗಳಲ್ಲಿ ನನಗೆ ಎಂದೂ ಜೀರ್ಣವಾಗದ ಒಂದು ವಾಕ್ಯ ಇದೆ. "ಶಾಖನಷ್ಟವನ್ನು ನಿರ್ಲಕ್ಷಿಸಿ". ಜೂಲ್‌ನ ಪ್ರಯೋಗದ ಚಿತ್ರ ಎಲ್ಲರೂ ನೋಡಿದ್ದೇವೆ: ಎರಡು ತೂಕದ ಗುಂಡು, ಎರಡು ರಾಟೆ, ನಡುವೆ ನೀರಿನ ಪಾತ್ರೆ, ಒಳಗೆ ಕಡಗೋಲಿನಂಥ ಹುಟ್ಟುಗಳು. ತೂಕ ಕೆಳಗಿಳಿದರೆ ಹುಟ್ಟು ತಿರುಗುತ್ತದೆ, ನೀರು ಬಿಸಿಯಾಗುತ್ತದೆ, ಒಂದು ಕ್ಯಾಲೊರಿಗೆ 4.2 ಜೂಲ್. ಎರಡು ಅಂಕದ ಪ್ರಶ್ನೆ, ಮುಗೀತು. ನನ್ನ ತಕರಾರು ಇಷ್ಟೆ: ಆ ಪ್ರಯೋಗದಲ್ಲಿ ಕಲಿಯಬೇಕಾದ್ದೆಲ್ಲ ನಾವು ನಿರ್ಲಕ್ಷಿಸಿದ ಆ ಭಾಗದಲ್ಲೇ ಇದೆ. ಚಿತ್ರದಲ್ಲಿರೋದು ಸುಲಭದ ಭಾಗ.

ಜೂಲ್ ಈ ಕೆಲಸವನ್ನು 1845ರಿಂದ ಮಾಡುತ್ತಾ ಬಂದ. ಮೊದಲು ಬಂದ ಬೆಲೆ 890 (ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಕೆಲಸ, ಅಡಿ-ಪೌಂಡ್ ಲೆಕ್ಕದಲ್ಲಿ). 1847ರ ಹೊತ್ತಿಗೆ ಅದು 782ರ ಆಸುಪಾಸಿಗೆ ಇಳಿಯಿತು. 1849ರಲ್ಲಿ ಓದಿ 1850ರಲ್ಲಿ ಅಚ್ಚಾದ ದೊಡ್ಡ ಪ್ರಬಂಧದಲ್ಲಿ 772 ಅಂದ. ಈಗ ನಾವು ಒಪ್ಪಿರುವುದು ಸುಮಾರು 778. ನಾನು ಹೇಳಹೊರಟಿರುವುದು ಆ 1850ರ ಪ್ರಬಂಧದ ನೀರಿನ ಪ್ರಯೋಗದ ಬಗ್ಗೆ.

ಸೀಸದ ಎರಡು ತೂಕ, ಒಂದೊಂದೂ 29 ಪೌಂಡ್, ಅಂದರೆ 13 ಕೆಜಿ ಚಿಲ್ಲರೆ. ಇಳಿತ ಸುಮಾರು 63 ಇಂಚು, ಒಬ್ಬ ಮನುಷ್ಯನ ಎತ್ತರ ಅನ್ನಿ. ಇಪ್ಪತ್ತು ಸಲ ಇಳಿಸಬೇಕು. ಪ್ರತಿ ಸಲ ತೂಕ ಮೇಲಕ್ಕೆ ಸುತ್ತುವಾಗ ಒಂದು ಪಿನ್ ಕಿತ್ತು ಉರುಳೆಯನ್ನು ಹುಟ್ಟಿನಿಂದ ಬೇರೆ ಮಾಡುತ್ತಿದ್ದ, ಇಲ್ಲದಿದ್ದರೆ ಕೈಯ ಶ್ರಮವೂ ನೀರಿಗೆ ಸೇರಿಬಿಡುತ್ತದೆ. ಇಷ್ಟಕ್ಕೆ 35 ನಿಮಿಷ. ತಾಮ್ರದ ಪಾತ್ರೆಯಲ್ಲಿ ಆರು ಲೀಟರ್ ನೀರು. ಇಷ್ಟೆಲ್ಲ ಒದ್ದಾಡಿದ ಮೇಲೆ ನೀರು ಎಷ್ಟು ಬಿಸಿಯಾಯಿತು ಗೊತ್ತೆ? ನಲವತ್ತು ಪ್ರಯೋಗಗಳ ಸರಾಸರಿ 0.575 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಸೆಲ್ಸಿಯಸ್‌ನಲ್ಲಿ ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ!

ಇಷ್ಟು ಸಣ್ಣ ಏರಿಕೆ ಇದ್ದಾಗ ಪಕ್ಕದಲ್ಲಿ ನಿಂತ ಮನುಷ್ಯನ ಮೈಕಾವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಅವನು ನೆಲಮಾಳಿಗೆಯಲ್ಲಿ ಕೆಲಸ ಮಾಡಿದ, ತನಗೂ ಪಾತ್ರೆಗೂ ನಡುವೆ ದೊಡ್ಡ ಮರದ ಪರದೆ ಇಟ್ಟ, ಹುಟ್ಟಿನ ಕಂಬದ ಮೂಲಕ ಶಾಖ ಹರಿದುಹೋಗದಂತೆ ನಡುವೆ ಮರದ ತುಂಡು ಸೇರಿಸಿದ. ಆದರೂ ಗಾಳಿಗೂ ನೀರಿಗೂ ಕೊಡುಕೊಳ್ಳುವಿಕೆ ನಿಲ್ಲುವುದಿಲ್ಲವಲ್ಲ. ಅಲ್ಲಿ ಅವನು ಮಾಡಿದ ಕೆಲಸ ನೋಡಿ. ಪ್ರತಿ ತಿರುಗಿಸುವ ಪ್ರಯೋಗಕ್ಕೆ ಜೊತೆಯಾಗಿ ಇನ್ನೊಂದು ಪ್ರಯೋಗ: ಅದೇ ಪಾತ್ರೆ, ಅದೇ ನೀರು, ಅದೇ ಕೋಣೆ, ಅಷ್ಟೇ ಹೊತ್ತು, ಆದರೆ ಹುಟ್ಟು ತಿರುಗಿಸುವುದೇ ಇಲ್ಲ. ಸುಮ್ಮನೆ ಕೂರುವುದು. ಮೊದಲು ಮತ್ತು ಕೊನೆಗೆ ಉಷ್ಣತೆ ಬರೆದುಕೊಳ್ಳುವುದು. ಏನೂ ಮಾಡದೆ ಇದ್ದಾಗ ನೀರಿಗೆ ಏನಾಗುತ್ತದೆ ಅಂತ ಅಳೆದ!

ಅಲ್ಲಿ ಸಿಕ್ಕಿದ್ದು ನಮ್ಮ ಪಠ್ಯದ ಮಾತಿಗೆ ತದ್ವಿರುದ್ಧ. ನಷ್ಟ ಅಲ್ಲ, ಲಾಭ. ಅವನ ಗಾಳಿ ನೀರಿಗಿಂತ ಸ್ವಲ್ಪ ಬೆಚ್ಚಗಿತ್ತು, ಹಾಗಾಗಿ ಸುಮ್ಮನೆ ಕೂತ ನೀರೂ ಸರಾಸರಿ 0.013 ಡಿಗ್ರಿ ಏರಿತ್ತು. ಆ ಏರಿಕೆ ಹುಟ್ಟಿನ ದುಡಿಮೆಯಲ್ಲ, ಗಾಳಿಯ ದಾನ. ಆದ್ದರಿಂದ ಅದನ್ನು 0.575ರಿಂದ ಕಳೆಯಬೇಕು. ಕಳೆದರೆ 0.5623.

ಇಲ್ಲಿಗೆ ನಿಲ್ಲಿಸಿದ್ದರೂ ನಾನು ಮೆಚ್ಚುತ್ತಿದ್ದೆ, ಅವನು ನಿಲ್ಲಲಿಲ್ಲ. ಹುಟ್ಟು ತಿರುಗಿದಾಗ ನೀರೇ ಬೆಚ್ಚಗಾಗುತ್ತದೆ, ಗಾಳಿಯ ಜೊತೆಗಿನ ಅಂತರ ಕಡಿಮೆಯಾಗುತ್ತದೆ, ಹಾಗಾಗಿ ಗಾಳಿಯ ದಾನವೂ ಕಡಿಮೆ. ಸುಮ್ಮನೆ ಕೂತಾಗ ಸರಾಸರಿ ಅಂತರ 0.323 ಡಿಗ್ರಿ, ತಿರುಗಿಸುವಾಗ 0.305. ಒಂದು ಡಿಗ್ರಿ ಅಂತರ ಇದ್ದರೆ ಅಷ್ಟು ಹೊತ್ತಿನಲ್ಲಿ ನೀರು 0.0465 ಡಿಗ್ರಿ ಬದಲಾಗುತ್ತದೆ ಅಂತ ಅವನೇ ಕೋಷ್ಟಕದಿಂದ ತೆಗೆದಿದ್ದ. ಎರಡರ ವ್ಯತ್ಯಾಸ 0.018ನ್ನು 0.0465ರಿಂದ ಗುಣಿಸಿದರೆ 0.0008. ಇಷ್ಟನ್ನು ಹೆಚ್ಚಿಗೆ ಕಳೆದಿದ್ದೇನೆ ಅಂತ ಮತ್ತೆ ಕೂಡಿಸಿ 0.5631 ಮಾಡಿದ. ನಮ್ಮೂರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲೂ ಇಷ್ಟು ನಿಯತ್ತು ಇರುತ್ತದೋ ಇಲ್ಲವೋ.

ಒಟ್ಟು ತಿದ್ದುಪಡಿ ಶೇಕಡಾ ಎರಡರಷ್ಟು ಮಾತ್ರ. ತಿದ್ದದೆ ಬಿಟ್ಟಿದ್ದರೆ 773ರ ಬದಲು 757 ಬರುತ್ತಿತ್ತು. "ಎರಡು ಪರ್ಸೆಂಟಿಗೆ ಇಷ್ಟೊಂದು ಯಾಕ್ರೀ" ಅಂತ ಯಾರಾದರೂ ಕೇಳಬಹುದು. ಅದು ಎರಡೇ ಆಗಿದ್ದು ಅವನು ನೀರನ್ನು ಗಾಳಿಯ ಉಷ್ಣತೆಯ ಪಕ್ಕದಲ್ಲೇ ಇಟ್ಟಿದ್ದರಿಂದ, ಏರಿಕೆಯನ್ನೂ ಬೇಕೆಂದೇ ಸಣ್ಣದಾಗಿ ಇಟ್ಟಿದ್ದರಿಂದ. ಸಣ್ಣ ಏರಿಕೆಯಾದರೆ ಗಾಳಿಯ ಕಾಟ ಕಡಿಮೆ, ಆದರೆ ಅಳೆಯಲು ಬಹಳ ಸೂಕ್ಷ್ಮ ಥರ್ಮಾಮೀಟರ್ ಬೇಕು. ಅವನಿಗೆ ಮ್ಯಾಂಚೆಸ್ಟರಿನ ಡಾನ್ಸರ್ ಮಾಡಿಕೊಟ್ಟ ಥರ್ಮಾಮೀಟರ್ ಇತ್ತು, ಡಿಗ್ರಿಯ ಇನ್ನೂರನೇ ಒಂದು ಭಾಗ ಓದುವಂಥದ್ದು.

ಇದನ್ನೇ ಅಣ್ಣಿಗೇರಿಗೆ ತನ್ನಿ. ಎರಡು ಹತ್ತು ಕೆಜಿ ತೂಕ, ಒಂದೂವರೆ ಮೀಟರ್ ಇಳಿತ, ಇಪ್ಪತ್ತು ಸಲ. ಕೆಲಸ 20 × 9.8 × 1.5 × 20 = 5880 ಜೂಲ್. ಎರಡು ಲೀಟರ್ ನೀರು, ಒಂದು ಕೆಜಿ ತಾಮ್ರದ ಪಾತ್ರೆ; ಎರಡಕ್ಕೂ ಸೇರಿ ಒಂದು ಡಿಗ್ರಿ ಏರಲು ಸುಮಾರು 8760 ಜೂಲ್ ಬೇಕು. ಅಂದರೆ ಏರಿಕೆ 0.67 ಡಿಗ್ರಿ ಸೆಲ್ಸಿಯಸ್. ಈಗ ಏಪ್ರಿಲ್ ತಿಂಗಳ ಮಧ್ಯಾಹ್ನ, ಕೋಣೆಯಲ್ಲಿ 36 ಡಿಗ್ರಿ, ಹುಡುಗರು ಹರವಿಯಿಂದ 26 ಡಿಗ್ರಿಯ ತಣ್ಣನೆ ನೀರು ತಂದು ಸುರಿದರು ಅಂದುಕೊಳ್ಳಿ. ಮುಚ್ಚಳ ಇರುವ ಇಂಥ ಪಾತ್ರೆಗೆ ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು ಒಂದು ವ್ಯಾಟ್ ಶಾಖ ಹರಿಯುತ್ತದೆ (ಜೂಲ್‌ನ ಅಂಕಿಗಳಿಂದ ಲೆಕ್ಕ ಹಾಕಿದರೆ ಅವನದು 0.6 ವ್ಯಾಟ್ ಬರುತ್ತದೆ). ಹತ್ತು ಡಿಗ್ರಿ ಅಂತರ, ಅರ್ಧ ಗಂಟೆ: ಗಾಳಿಯೊಂದೇ ನೀರನ್ನು 1.8 ಡಿಗ್ರಿಗಿಂತ ಹೆಚ್ಚು ಏರಿಸುತ್ತದೆ! ಹುಟ್ಟಿನದು 0.67 ಅಷ್ಟೆ. ಒಟ್ಟು ಎರಡೂವರೆ ಡಿಗ್ರಿ ಓದಿ ಲೆಕ್ಕ ಹಾಕಿದರೆ ಕ್ಯಾಲೊರಿಗೆ 4.2 ಬದಲು 1.1 ಜೂಲ್ ಬರುತ್ತದೆ. ಇಂಥ ಉತ್ತರ ಬಂದಾಗ ರೆಕಾರ್ಡ್ ಬುಕ್ಕಿನಲ್ಲಿ ಏನು ಬರೆಯುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಮುಚ್ಚಳ ಹಾಕದಿದ್ದರೆ ಕಥೆ ಉಲ್ಟಾ. ನಮ್ಮ ಎರೆ ಸೀಮೆಯ ಒಣ ಗಾಳಿಗೆ ಎರಡು ಗ್ರಾಂ ನೀರು ಆವಿಯಾದರೆ 4800 ಜೂಲ್ ಹೋಯಿತು, ತೂಕಗಳು ದುಡಿದದ್ದರಲ್ಲಿ ಬಹುಪಾಲು. ಹರವಿ ನೀರು ತಣ್ಣಗಾಗುವುದೂ ಇದೇ ಲೆಕ್ಕದಿಂದ. ನೀರು ಏರಲೇ ಇಲ್ಲ ಅಂತ ಕಂಡರೆ ಮೊದಲು ಪಾತ್ರೆಯನ್ನು ಮುಂಚೆ ಮತ್ತು ಆಮೇಲೆ ತೂಗಿ ನೋಡಬೇಕು.

ಪರಿಹಾರ ದುಬಾರಿ ಏನಲ್ಲ. ನೀರನ್ನು ಹಿಂದಿನ ರಾತ್ರಿಯೇ ಅದೇ ಕೋಣೆಯಲ್ಲಿ ಮುಚ್ಚಿಡಿ. ಮಣ್ಣಿನ ಮಾಳಿಗೆಯ ಹಳೆ ಮನೆಯ ಒಳಕೋಣೆ ಸಿಕ್ಕರೆ ಅದೇ ನಮ್ಮ ನೆಲಮಾಳಿಗೆ. (ಹಗೇವು ಇನ್ನೂ ತಂಪು, ಆದರೆ ಕೆಟ್ಟ ಗಾಳಿ ತುಂಬಿರುವ ಹಗೇವಿಗೆ ಇಳಿಯುವ ಸಾಹಸ ಯಾರೂ ಮಾಡಬೇಡಿ.) ಬೆಳಗ್ಗೆ ಶುರು ಮಾಡುವಾಗ ನೀರು ಕೋಣೆಗಿಂತ 0.3 ಡಿಗ್ರಿ ಕೆಳಗಿದ್ದರೆ ಮುಗಿಯುವಾಗ ಅಷ್ಟೇ ಮೇಲಿರುತ್ತದೆ. ಮೊದಲರ್ಧದಲ್ಲಿ ಬಂದದ್ದು ಎರಡನೇ ಅರ್ಧದಲ್ಲಿ ಹೋಗುತ್ತದೆ. ಇದು ರಮ್‌ಫೋರ್ಡ್ ಕಾಲದ ಉಪಾಯ. ಆಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ಜೂಲ್‌ನ ಹಾಗೆ ನೀರನ್ನು ನೋಡಿ.

ಪ್ರಾಕ್ಟಿಕಲ್‌ಗೆ ಅಷ್ಟು ಟೈಮಿಲ್ಲ ಅನ್ನುವ ಮೇಷ್ಟ್ರುಗಳ ಕಷ್ಟ ಒಪ್ಪುತ್ತೇನೆ. ಅವರಿಗೆ ಕರೆಂಟಿನ ಕ್ಯಾಲೊರಿಮೀಟರಿನಲ್ಲಿ ಬಳಸುವ ಅರ್ಧ ಸಮಯದ ತಿದ್ದುಪಡಿ ಇದೆಯಲ್ಲ: 20 ನಿಮಿಷ ಬಿಸಿ ಮಾಡಿದರೆ, ಆಮೇಲೆ 10 ನಿಮಿಷದಲ್ಲಿ ಎಷ್ಟು ಇಳಿಯಿತೋ ಅಷ್ಟನ್ನು ಕೂಡಿಸುವುದು. ಯಾಕೆ ಅರ್ಧ? ಕೋಣೆಯ ಉಷ್ಣತೆಯಿಂದ ಒಂದೇ ಸಮ ಏರಿದರೆ ಸರಾಸರಿ ಅಂತರ ಕೊನೆಯ ಅಂತರದ ಅರ್ಧ, ಹಾಗಾಗಿ 20 ನಿಮಿಷದ ನಷ್ಟ ಕೊನೆಯ ಅಂತರದಲ್ಲಿ 10 ನಿಮಿಷದ ನಷ್ಟಕ್ಕೆ ಸಮ. ನೀರು ಕೋಣೆಯ ಉಷ್ಣತೆಯಲ್ಲೇ ಶುರುವಾಗಿದ್ದರೆ ಮಾತ್ರ ಇದು ಸರಿ. ಈ ಷರತ್ತು ಹೇಳದೆ ಸೂತ್ರ ಮಾತ್ರ ಬರೆಸುವುದೂ ನಿರ್ಲಕ್ಷ್ಯವೇ.

ಶಾಖದ ಕಡೆ ಇಷ್ಟು ಎಚ್ಚರ ವಹಿಸಿ ಕೆಲಸದ ಕಡೆ ಮೈಮರೆತರೂ ಆಗದು. ತೂಕ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನೆಲಕ್ಕೆ ಧಪ್ ಅಂತ ಬಿದ್ದರೆ, ಒಂದೂವರೆ ಮೀಟರಿನಲ್ಲಿ 5 ಸೆಂಟಿಮೀಟರ್ ಇಳಿತದ ಕೆಲಸ ನೆಲಕ್ಕೇ ಹೋಯಿತು. ಜೂಲ್‌ನ ತೂಕ ಸೆಕೆಂಡಿಗೆ 6 ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತಿತ್ತು, ನಷ್ಟ ಮಿಲಿಮೀಟರಿನ ಐದನೇ ಒಂದು ಭಾಗ, ಅದನ್ನೂ ಕಳೆದ. ಅಷ್ಟು ನಿಧಾನ ಇಳಿಯಲು ನೀರು ಗಟ್ಟಿಯಾಗಿ ತಡೆಯಬೇಕು. ಬರೀ ಹುಟ್ಟಿದ್ದರೆ ನೀರೂ ಜೊತೆಗೇ ಸುತ್ತುತ್ತದೆ, ಅದಕ್ಕೇ ಪಾತ್ರೆಯ ಗೋಡೆಗೆ ನಾಲ್ಕು ಸಾಲು ತಡೆಹಲಗೆ ಜೋಡಿಸಿದ್ದ. ಚಿತ್ರದಲ್ಲಿ ಬಹಳ ಸಲ ಇದನ್ನೇ ಬಿಟ್ಟಿರುತ್ತಾರೆ!

ಹಾಗಾದರೆ 772 ಯಾಕೆ, 778 ಯಾಕಲ್ಲ? ಗಾಳಿಯ ಲೆಕ್ಕದಲ್ಲಿ ಅವನು ತಪ್ಪಲಿಲ್ಲ. 1879ರ ಹೊತ್ತಿಗೆ ಅಮೆರಿಕದ ಬಾಲ್ಟಿಮೋರಿನಲ್ಲಿ ರೋಲೆಂಡ್ ಯಂತ್ರದಿಂದ ಹುಟ್ಟು ತಿರುಗಿಸಿ ಇದನ್ನೇ ಮತ್ತೆ ಮಾಡಿದ, ಜೂಲ್‌ನ ಥರ್ಮಾಮೀಟರಿನ ಜೊತೆ ತನ್ನದನ್ನು ಹೋಲಿಸಿದ. ಪಾದರಸದ ಥರ್ಮಾಮೀಟರಿನ ಡಿಗ್ರಿ ಗಾಳಿಯ ಥರ್ಮಾಮೀಟರಿನ ಡಿಗ್ರಿಗೆ ಸರಿಯಾಗಿ ಹೊಂದುವುದಿಲ್ಲ. ಅಷ್ಟು ತಿದ್ದಿದರೆ ಜೂಲ್‌ನ ಬೆಲೆ ರೋಲೆಂಡನ ಬೆಲೆಯ ಹತ್ತಿರ ಬಂದುಬಿಡುತ್ತದೆ. ನೀರಿನ ವಿಶಿಷ್ಟ ಶಾಖವೇ ಉಷ್ಣತೆಯ ಜೊತೆ ಸ್ವಲ್ಪ ಬದಲಾಗುತ್ತದೆ, 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಅತಿ ಕಡಿಮೆ ಅನ್ನುವುದೂ ರೋಲೆಂಡನಿಗೆ ಅಲ್ಲೇ ಸಿಕ್ಕಿತು.