‘ಹಕ್ಕಿ’ ‘ಅಕ್ಕಿ’ಯಾದಾಗ: ತರಗತಿ ನಿರ್ವಹಣೆಯ ಒಂದು ಪ್ರಕರಣ

ಬಿ.ಎಡ್. ಇಂಟರ್ನ್‌ಶಿಪ್ಪಿನ ವೀಕ್ಷಣಾ ಪತ್ರಿಕೆಯಲ್ಲಿ ‘ತರಗತಿ ನಿಯಂತ್ರಣ’ಕ್ಕೆ ಒಂದು ಕಲಂ, ‘ಉಚ್ಚಾರಣೆ’ಗೆ ಇನ್ನೊಂದು ಕಲಂ ಇರುವುದುಂಟು. ಕನ್ನಡ ತರಗತಿಯಲ್ಲಿ ಇವೆರಡನ್ನೂ ಬೇರ್ಪಡಿಸಲಾಗದು ಎಂಬುದು ನನ್ನ ಅಭಿಪ್ರಾಯ. ಮೇಲ್ವಿಚಾರಕನಾಗಿ ನಾನು ಕಂಡ ಒಂದು ಪ್ರಕರಣ ಇದಕ್ಕೆ ಆಧಾರ.

ಹಳೆಯ ಮೈಸೂರು ಭಾಗದ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ. ಗದ್ಯಪಾಠವನ್ನು ಓದುತ್ತಿದ್ದ ಹುಡುಗನೊಬ್ಬ ‘ಹಕ್ಕಿ’ಯನ್ನು ‘ಅಕ್ಕಿ’ ಎಂದ. ಮುಂದಿನ ಸಾಲಿನಲ್ಲೊಬ್ಬ ಕಿಸಕ್ಕನೆ ನಕ್ಕ. ಪ್ರಶಿಕ್ಷಣಾರ್ಥಿ ಹುಡುಗನನ್ನು ತಡೆದು, ಆ ಪದವನ್ನು ಮೂರು ಸಲ ಹೇಳಿಸಿದರು. ಮೂರು ಸಲವೂ ‘ಅಕ್ಕಿ’ಯೇ ಬಂತು. ಇಡೀ ತರಗತಿ ನಕ್ಕಿತು. ಹುಡುಗ ಪುಸ್ತಕವನ್ನು ಬೆಂಚಿನ ಮೇಲೆ ಎಸೆದು ಕುಳಿತ. ಆತನನ್ನು ಹೊರಗೆ ನಿಲ್ಲಿಸಲಾಯಿತು. ಮರುದಿನ ಹಿಂದಿನ ಬೆಂಚಿನ ನಾಲ್ವರು ಓದಲು ಏಳಲೇ ಇಲ್ಲ.

ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಧ್ಯಾಪಕರ ಯಶಸ್ಸು ಗದರಿಕೆಯ ಬಿರುಸಿನಲ್ಲಿಲ್ಲ. ತರಗತಿಯಲ್ಲಿ ಏನಾಗುತ್ತಿದೆ ಎಂಬುದು ತಮಗೆ ತಿಳಿದಿದೆಯೆಂದು ಮಕ್ಕಳಿಗೆ ಮನವರಿಕೆ ಮಾಡಿಕೊಡುವುದರಲ್ಲಿದೆ. ಇಲ್ಲಿ ಅವರು ಹೇಳುವ ಎರಡು ದೋಷಗಳೂ ಘಟಿಸಿವೆ. ಮೊದಲು ನಕ್ಕವನನ್ನು ಬಿಟ್ಟು ನಗೆಗೆ ಗುರಿಯಾದವನನ್ನು ಹಿಡಿದದ್ದು ಗುರಿಯ ದೋಷ; ನಗೆ ಹಬ್ಬಿದ ಮೇಲೆ ಎಚ್ಚೆತ್ತದ್ದು ಕಾಲದ ದೋಷ. ಒಬ್ಬನಿಗಿತ್ತ ಶಿಕ್ಷೆ ನೋಡುತ್ತಿದ್ದವರ ಮೇಲೂ ತರಂಗದಂತೆ ಪರಿಣಾಮ ಬೀರುತ್ತದೆಂಬ ಅವರ ಮಾತಿಗೆ ಆ ನಾಲ್ವರ ಮೌನವೇ ಸಾಕ್ಷಿ.

ರುಡಾಲ್ಫ್ ಡ್ರೈಕರ್ಸ್ ಅವರ ದೃಷ್ಟಿಯಲ್ಲಿ ಮಗುವಿನ ಅನುಚಿತ ವರ್ತನೆಯ ಉದ್ದೇಶವನ್ನು ಅರಿಯಲು ಅಧ್ಯಾಪಕರು ತಮ್ಮ ಭಾವನೆಯನ್ನೇ ಪರೀಕ್ಷಿಸಿಕೊಳ್ಳಬೇಕು. ಕಿರಿಕಿರಿಯಾದರೆ ಮಗು ಗಮನವನ್ನು ಬಯಸುತ್ತಿದೆ, ಸವಾಲೆನಿಸಿದರೆ ಅಧಿಕಾರವನ್ನು. ನೋವಾದರೆ ಅದು ಪ್ರತೀಕಾರ. ಕೈಚೆಲ್ಲುವಂತಾದರೆ ಮಗು ತನ್ನ ಅಸಾಮರ್ಥ್ಯವನ್ನು ಒಪ್ಪಿಕೊಂಡುಬಿಟ್ಟಿದೆ. ‘ನನಗೇ ಸವಾಲು ಹಾಕಿದ’ ಎಂದು ಪ್ರಶಿಕ್ಷಣಾರ್ಥಿ ದಿನಚರಿಯಲ್ಲಿ ಬರೆದಿದ್ದರು. ಆದರೆ ಈ ಸೂತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಹುಡುಗನದು ಅಧಿಕಾರದ ಹಂಬಲವಲ್ಲ, ಅವಮಾನದಿಂದ ಪಾರಾಗುವ ಯತ್ನ. ಅವನ ಮನೆಯ ನುಡಿಯೇ ತಪ್ಪೆನಿಸಿಕೊಂಡದ್ದನ್ನು ಈ ಎರಡು ಸಿದ್ಧಾಂತಗಳೂ ಕಾಣಲಾರವು.

ಅದನ್ನು ಕಾಣಬೇಕಾದವರು ನಾವು. ಹಳಗನ್ನಡದ ‘ಪಕ್ಕಿ’ ‘ಹಕ್ಕಿ’ಯಾಯಿತು, ಆ ಭಾಗದ ಆಡುನುಡಿಯಲ್ಲಿ ಹಕಾರವೂ ಲೋಪವಾಗಿ ‘ಅಕ್ಕಿ’ಯಾಗಿದೆ. ಅದು ನಾಲಗೆಯ ಸೋಮಾರಿತನವಲ್ಲ, ಧ್ವನಿಪರಿವರ್ತನೆಯ ಮುಂದಿನ ಹೆಜ್ಜೆ. ಎಂ.ಎ. ತರಗತಿಯಲ್ಲಿ ಇದನ್ನು ಬೋಧಿಸುವ ನಾವು ಶಾಲೆಯಲ್ಲಿ ಇದನ್ನೇ ದೋಷವೆಂದು ಎಣಿಸುತ್ತೇವೆ.

ಚರ್ಚೆಯ ನಂತರ ಪ್ರಶಿಕ್ಷಣಾರ್ಥಿ ಹುಡುಗನೊಡನೆ ಪ್ರತ್ಯೇಕವಾಗಿ ಮಾತನಾಡಿದರು. ಇಂತಹ ಪದಗಳ ಮೂರು ರೂಪಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದರು. ಜೋಡಿಯಲ್ಲಿ ಓದಿದ ಮೇಲೆಯೇ ಗಟ್ಟಿಯಾಗಿ ಓದಿಸಿದರು. ತಿದ್ದುಪಡಿಯನ್ನು ಓದು ಮುಗಿದ ಬಳಿಕಕ್ಕೆ ಇರಿಸಿದರು. ನಾಲ್ವರೂ ಮತ್ತೆ ಓದತೊಡಗಿದರು. ಆ ಹುಡುಗ ಮಾತ್ರ ಇಂಟರ್ನ್‌ಶಿಪ್ ಮುಗಿಯುವವರೆಗೂ ಜೋಡಿಯಲ್ಲಲ್ಲದೆ ಒಬ್ಬನೇ ಓದಲಿಲ್ಲ. ಶಿಷ್ಟರೂಪವನ್ನು ಕಲಿಸಲೇಬೇಕು, ನಿಜ. ಆದರೆ ಅದನ್ನು ಯಾವಾಗ, ಯಾರೆದುರಿಗೆ ತಿದ್ದಬೇಕೆಂಬುದು ಕನ್ನಡ ಬೋಧನಾ ಪದ್ಧತಿಯ ಪಠ್ಯದೊಳಗೇ ಸೇರಬೇಕಾದ ಪ್ರಶ್ನೆ.